ಡಾಟ್‌ನಿಂದ ಹಳೇ ಆಂಪ್ಲಿಫೈಯರಿಗೆ: ಫೋನಿನ ಹಾಡನ್ನು ದಾಟಿಸಿದ ನನ್ನ ಅನುಭವ

ಫೋನಿನಿಂದ ಬ್ಲೂಟೂತ್‌ನಲ್ಲಿ ಅಮೆಜಾನ್‌ನ ಅಲೆಕ್ಸಾ ಸ್ಪೀಕರ್ ಎಕೋ ಡಾಟ್‌ಗೆ, ಡಾಟ್‌ನಿಂದ ನಮ್ಮನೆಯ ಹಳೇ ಆಂಪ್ಲಿಫೈಯರಿಗೆ. ಈ ಸಂಪರ್ಕ ಈಗ ಮಳೆಗಾಲ ಪೂರ್ತಿ ತಕರಾರಿಲ್ಲದೆ ನಡೆದಿದೆ. ಶುರು ಮಾಡುವಾಗ ಭಾವ ಹೇಳಿದ್ದು, “ಅಲ್ಲ ಮಾರಾಯಾ, ಮುನ್ನೂರು ರೂಪಾಯಿಯ ಬ್ಲೂಟೂತ್ ಬೋರ್ಡ್ ಒಂದನ್ನು ಆಂಪ್ಲಿಫೈಯರ್ ಒಳಗೇ ಕೂರಿಸಿದ್ರೆ ಮುಗೀತಲ್ಲ?” ರಿಪೇರಿ ಅಂಗಡಿಯವರದ್ದೂ ಅದೇ ಮಾತು. ಆ ಬೋರ್ಡ್ ನಾನೂ ಹಾಕಿ ನೋಡಿದ್ದೆ. ಆಂಪ್ಲಿಫೈಯರಿನ ಸಪ್ಲೈಯನ್ನೇ ಹಂಚಿಕೊಳ್ಳುವುದರಿಂದ ಹಾಡು ನಿಂತಾಗೆಲ್ಲ ಕಿರ್ರ್ ಎನ್ನುವ ಸಣ್ಣ ಸದ್ದು ಹಿಂದಿನಿಂದ ಕೇಳುತ್ತಿತ್ತು. ಜೊತೆಗೆ ನನಗೆ ಬೇಕಿದ್ದದ್ದು ಎರಡು ಕೆಲಸ: ಬಾಯಲ್ಲಿ ಕೇಳಿದ ಹಾಡೂ ದೊಡ್ಡ ಸ್ಪೀಕರಿನಲ್ಲಿ ಬರಬೇಕು, ಫೋನಿನಲ್ಲಿ ಕೂಡಿಟ್ಟ ತಾಳಮದ್ದಲೆ ರೆಕಾರ್ಡಿಂಗೂ ಅದೇ ತಂತಿಯಲ್ಲಿ ಬರಬೇಕು. ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಆ ಪ್ರಸಂಗಗಳು ಯಾವ ಆ್ಯಪಿನಲ್ಲೂ ಇಲ್ಲ, ಅಲೆಕ್ಸಾಗೆ ಹೇಳಿದರೆ ಸಿಗುವಂಥವಲ್ಲ.

ಪೇರಿಂಗ್ ಎಲ್ಲರಿಗೂ ಗೊತ್ತು. “ಅಲೆಕ್ಸಾ, ಪೇರ್” ಅಂದರೆ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ Echo Dot- ಎಂದು ಶುರುವಾಗುವ ಹೆಸರು ಬರುತ್ತದೆ, ಒತ್ತಿದರೆ ಆಯಿತು. ಕಷ್ಟ ಇರುವುದು ಅಲ್ಲಿಂದ ಮುಂದೆ.

ಮೊದಲು ಹಿಡಿದದ್ದು ತಂತಿಯೇ ಇಲ್ಲದ ದಾರಿ. ಮನೆಯಲ್ಲಿ ಬ್ಯಾಟರಿಯ ಬ್ಲೂಟೂತ್ ಸ್ಪೀಕರ್ ಒಂದಿತ್ತು. ಫೋನನ್ನು ಡಾಟ್‌ಗೆ, ಡಾಟನ್ನು ಆ ಸ್ಪೀಕರಿಗೆ ಜೋಡಿಸಿದರೆ ಸಾಕು ಎಂಬ ಲೆಕ್ಕ. ಆದರೆ ಸ್ಪೀಕರ್ ಸೇರಿದ ಕೂಡಲೇ ಫೋನ್ ಕಳಚಿಕೊಳ್ಳುತ್ತದೆ, ಫೋನನ್ನು ಮತ್ತೆ ಸೇರಿಸಿದರೆ ಸ್ಪೀಕರ್ ಹೋಗುತ್ತದೆ. ಡಾಟ್ ಬ್ಲೂಟೂತ್‌ನಲ್ಲಿ ಕೇಳಿಸಿಕೊಳ್ಳಲೂ ಬಲ್ಲದು, ಕಳಿಸಲೂ ಬಲ್ಲದು, ಎರಡನ್ನೂ ಒಟ್ಟಿಗೆ ಮಾಡದು. ಒಂದು ಸಲಕ್ಕೆ ಒಂದೇ ಸಂಪರ್ಕ. ಎಷ್ಟು ಸೆಟಿಂಗ್ ತಿರುವಿದರೂ ಇದು ಬದಲಾಗುವುದಿಲ್ಲ. ಎರಡು ಡಾಟ್‌ಗಳ ಗುಂಪು ಮಾಡುವ ಮಲ್ಟಿ ರೂಮ್ ದಾರಿಯೂ ಇಲ್ಲಿ ಉಪಯೋಗಕ್ಕಿಲ್ಲ. ಅದು ಇಂಟರ್ನೆಟ್ಟಿನಿಂದ ಬರುವ ಹಾಡಿಗೆ ಮಾತ್ರ, ಬ್ಲೂಟೂತ್‌ನಲ್ಲಿ ಬಂದ ಸದ್ದು ಗುಂಪಿಗೆ ಹಂಚಿಕೆಯಾಗುವುದಿಲ್ಲ.

ಉಳಿದದ್ದು ಆಕ್ಸ್, ಅಂದರೆ ತಂತಿ ಚುಚ್ಚಿ ಸದ್ದನ್ನು ಹೊರಗೆ ಒಯ್ಯುವ ದಾರಿ. ನನ್ನದು 2018ರ ಮೂರನೇ ತಲೆಮಾರಿನ ಡಾಟ್, ಹಿಂದೆ ಪವರ್ ತೂತಿನ ಪಕ್ಕದಲ್ಲೇ 3.5 ಎಂಎಂ ತೂತಿದೆ. 2020ರ ನಾಲ್ಕನೆಯದರಲ್ಲೂ ಇದೆ. 2022ರ ಐದನೆಯದರಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ, ಗೂಗಲ್‌ನ ನೆಸ್ಟ್ ಮಿನಿಯಲ್ಲೂ ಇಲ್ಲ. ಹಾಗಾಗಿ ಈ ಕೆಲಸಕ್ಕೆ ಹೊಸದಕ್ಕಿಂತ ಸೆಕೆಂಡ್ ಹ್ಯಾಂಡ್ ಹಳೆಯದೇ ಒಳ್ಳೆಯದು. ನನಗೆ ಸಾವಿರದೈನೂರರ ಆಸುಪಾಸಿಗೆ ಸಿಕ್ಕಿತು. ಇನ್ನೊಂದು ಲಾಭವನ್ನು ಹೆಚ್ಚಿನವರು ಗಮನಿಸಿಲ್ಲ: ಡಾಟ್‌ನ ಸ್ವಂತ ಸ್ಪೀಕರ್ ಒಂದೇ ಒಂದು, ಅಂದರೆ ಮೋನೋ. ಆಕ್ಸ್‌ನಿಂದ ಹೊರಡುವುದು ಸ್ಟೀರಿಯೋ. ಭಾಗವತರು ಒಂದು ಕಡೆ, ಮದ್ದಳೆ ಇನ್ನೊಂದು ಕಡೆ ಇರುವ ರೆಕಾರ್ಡಿಂಗನ್ನು ದೊಡ್ಡ ಸ್ಪೀಕರುಗಳಲ್ಲಿ ಕೇಳಿದಾಗ ಭಾವ ಸುಮ್ಮನಾದರು.

ಆಂಪ್ಲಿಫೈಯರ್ 4440 ಐಸಿಯದ್ದು, ಬೆಂಗಳೂರಿನ ಎಸ್.ಪಿ. ರೋಡಿನಿಂದ ಬೋರ್ಡ್ ತಂದು ನಾನೇ ಅಸೆಂಬಲ್ ಮಾಡಿದ್ದು. 3.5 ಎಂಎಂನಿಂದ ಎರಡು ಆರ್‌ಸಿಎ ಇರುವ ತಂತಿ ನೂರೈವತ್ತು ರೂಪಾಯಿ ಇರಬೇಕು. ಪಿನ್ನಿನ ಮೇಲೆ ಎರಡು ಕಪ್ಪು ಗೆರೆ ಇರುವುದನ್ನೇ ತನ್ನಿ. ಮೂರು ಗೆರೆಯದ್ದು ಮೈಕ್ ಇರುವ ಇಯರ್‌ಫೋನಿಗೆ ಮಾಡಿದ್ದು, ಅದನ್ನು ಹಾಕಿದರೆ ಕೆಲವು ಸಲ ಹಾಡುಗಾರರ ದನಿ ಎಲ್ಲೋ ದೂರ ಹೋಗಿ ಬರೀ ಹಿಮ್ಮೇಳ ಉಳಿಯುತ್ತದೆ. ಪಿನ್ ಸಿಕ್ಕಿಸಿದೊಡನೆ ಡಾಟ್‌ನ ಒಳ ಸ್ಪೀಕರ್ ಬಂದ್. ಅಲೆಕ್ಸಾಳ ಉತ್ತರವೂ ಆಂಪ್ಲಿಫೈಯರಿನಿಂದಲೇ ಬರುತ್ತದೆ. ಆಂಪ್ಲಿಫೈಯರ್ ಆಫ್ ಇದ್ದಾಗ ಡಾಟ್ ಸತ್ತಿದೆ ಎಂದು ಮನೆಯವರು ಗಾಬರಿಯಾಗಬಾರದು.

ನಿಜವಾದ ತಲೆನೋವು ಹಮ್. ಪಿನ್ ಹಾಕಿದ ಕ್ಷಣವೇ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು, ಹಾಡು ಮೆಲ್ಲಗಿದ್ದಾಗ ತಡೆಯಲಾಗದಷ್ಟು. ರಿಪೇರಿಯವರು ಫಿಲ್ಟರ್ ಕೆಪಾಸಿಟರ್ ಹೋಗಿದೆ ಎಂದು ಬದಲಿಸಿದರು, ಇನ್ನೂರು ರೂಪಾಯಿ ಹೋಯಿತು, ಹಮ್ ಹೋಗಲಿಲ್ಲ. ನಾನು ಒಂದೊಂದೇ ತಂತಿ ಕಿತ್ತು ನೋಡಿದೆ. ಡಾಟ್‌ನ ಪಿನ್ ಕಿತ್ತರೆ ಸದ್ದಿಲ್ಲ. ಪಿನ್ ಹಾಗೇ ಇಟ್ಟು, ಅದೇ ಆಂಪ್ಲಿಫೈಯರಿಗೆ ಬರುವ ಟಿವಿ ಡಿಶ್ ಬಾಕ್ಸಿನ ಆರ್‌ಸಿಎ ಕಿತ್ತರೂ ಸದ್ದಿಲ್ಲ. ಎರಡೂ ಒಟ್ಟಿಗಿದ್ದರೆ ಮಾತ್ರ ಹಮ್. ಅಂದರೆ ಗ್ರೌಂಡ್ ಲೂಪ್. ಡಾಟ್‌ನ ಅಡಾಪ್ಟರಿನಿಂದ ಸೋರುವ ಚೂರು ಕರೆಂಟು ಆಕ್ಸ್ ತಂತಿಯ ಗ್ರೌಂಡಿನ ಮೂಲಕ ಆಂಪ್ಲಿಫೈಯರಿಗೆ ಬಂದು, ಅಲ್ಲಿಂದ ಡಿಶ್ ಕೇಬಲಿನ ಹೊರಕವಚ ಹಿಡಿದು ಮಾಳಿಗೆಯ ಕಬ್ಬಿಣದ ಕಂಬಕ್ಕೆ ಇಳಿಯುತ್ತಿತ್ತು.

ಇದಕ್ಕೆ ಗ್ರೌಂಡ್ ಲೂಪ್ ಐಸೊಲೇಟರ್ ಎಂದು ಸಿಗುತ್ತದೆ, ಮುನ್ನೂರರ ಒಳಗೆ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಅಷ್ಟೆ. ಎಲ್ಲರೂ ಹೇಳುವಂತೆ ಅದನ್ನು ಡಾಟ್‌ನ ತಂತಿಗೆ ಹಾಕಿದೆ. ಹಮ್ ಪೂರ್ತಿ ಮಾಯ, ಜೊತೆಗೆ ಮದ್ದಳೆಯ ಗುಂಕಾರವೂ ಮಾಯ. ಅಷ್ಟು ಸಣ್ಣ ಟ್ರಾನ್ಸ್‌ಫಾರ್ಮರ್ ಕೆಳಗಿನ ಬೇಸನ್ನು ದಾಟಿಸಲಾರದು. ಆಗ ಹೊಳೆದದ್ದೇ ನನ್ನ ಹೆಮ್ಮೆಯ ಭಾಗ: ಲೂಪ್ ಎಲ್ಲಿ ಕತ್ತರಿಸಿದರೂ ಕತ್ತರಿಸಿದಂತೆಯೇ. ಐಸೊಲೇಟರನ್ನು ಡಾಟ್‌ನಿಂದ ತೆಗೆದು ಡಿಶ್ ಬಾಕ್ಸಿನ ತಂತಿಗೆ ಹಾಕಿದೆ. ವಾರ್ತೆ ಓದುವವರಿಗೆ ಬೇಸ್ ಬೇಕಿಲ್ಲ. ಹಮ್ ಹೋಯಿತು, ಮದ್ದಳೆ ವಾಪಸ್ ಬಂತು.

ವಾಲ್ಯೂಮಿನ ಹೊಂದಾಣಿಕೆಗೂ ಒಂದು ಕ್ರಮ ಇದೆ. ಆಕ್ಸ್‌ನಿಂದ ಹೊರಡುವ ಮಟ್ಟ ಡಾಟ್‌ನ ವಾಲ್ಯೂಮನ್ನೇ ಅನುಸರಿಸುತ್ತದೆ. ಹತ್ತಕ್ಕೆ ಇಟ್ಟರೆ ನನ್ನ ಬೋರ್ಡಿನ ಇನ್‌ಪುಟ್‌ನಲ್ಲೇ ಸದ್ದು ಒಡೆಯುತ್ತದೆ, ನಾಲ್ಕಕ್ಕೆ ಇಟ್ಟು ಆಂಪ್ಲಿಫೈಯರ್ ಏರಿಸಿದರೆ ಗಾಳಿಯಂಥ ಸದ್ದೂ ಏರುತ್ತದೆ. ಏಳರಲ್ಲಿ ನಿಲ್ಲಿಸಿ, ಉಳಿದದ್ದನ್ನು ಆಂಪ್ಲಿಫೈಯರಿನ ಗುಂಡಿಯಲ್ಲೇ ಮಾಡುತ್ತೇನೆ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಫೋನಿನ ಗುಂಡಿ ಒತ್ತಿದರೆ ಡಾಟ್‌ನ ಮಟ್ಟವೂ ಕದಲುತ್ತದೆ. ಡೆವಲಪರ್ ಆಪ್ಷನ್‌ನಲ್ಲಿ Disable absolute volume ಆನ್ ಮಾಡಿದರೆ ಎರಡೂ ಬೇರೆಯಾಗುತ್ತವೆ. ಡಾಟನ್ನು ಸ್ಪೀಕರಿನಿಂದ ಮೂರಡಿಯಾದರೂ ದೂರ ಇಡಿ, ಇಲ್ಲದಿದ್ದರೆ ನಿಮ್ಮ ಕೂಗು ಅದಕ್ಕೆ ಕೇಳುವುದಿಲ್ಲ. ನನ್ನ ಡಾಟ್ ಎಲ್ಲಿ, ಹೇಗೆ ಕೂತಿದೆ, ಪೂರ್ತಿ ಸದ್ದಿನಲ್ಲೂ ಮೆಲ್ಲಗೆ ಕರೆದರೆ ಹೇಗೆ ಓಗೊಡುತ್ತದೆ ಎಂಬುದನ್ನು ಮನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ತಂತಿಯಿಲ್ಲದ ಆಸೆಯನ್ನು ಪೂರ್ತಿ ಬಿಡಲಿಲ್ಲ. ಆಕ್ಸ್‌ಗೆ ಏಳುನೂರರ ಬ್ಲೂಟೂತ್ ಟ್ರಾನ್ಸ್‌ಮಿಟರ್ ಚುಚ್ಚಿದೆ. ಇದು ಡಾಟ್‌ನ ಬ್ಲೂಟೂತ್‌ಗೆ ಸಂಬಂಧವೇ ಇಲ್ಲದ ಬೇರೆ ರೇಡಿಯೋ ಆದ್ದರಿಂದ ಫೋನ್ ಕಳಚುವುದಿಲ್ಲ, ಅಡುಗೆಮನೆಯ ಬ್ಯಾಟರಿ ಸ್ಪೀಕರಿನಲ್ಲಿ ಹಾಡು ಬಂತು. ಆದರೆ ಸದ್ದು ಎರಡು ಸಲ ಗಾಳಿಯಲ್ಲಿ ಹಾರುವುದರಿಂದ ಒಟ್ಟು ಅರ್ಧ ಸೆಕೆಂಡಿನಷ್ಟು ತಡ. ತಾಳಮದ್ದಲೆಗೆ ಅಡ್ಡಿಯಿಲ್ಲ, ವಿಡಿಯೋದಲ್ಲಿ ತುಟಿ ಮುಂದೆ, ಮಾತು ಹಿಂದೆ. ಸ್ಪ್ಲಿಟರ್ ಹಾಕಿ ಜಗುಲಿಯ ಆಂಪ್ಲಿಫೈಯರ್ ಮತ್ತು ಅಡುಗೆಮನೆ ಎರಡಕ್ಕೂ ಕೊಟ್ಟರೆ ನಡುವಿನ ಓಣಿಯಲ್ಲಿ ಪ್ರತಿ ಪದವೂ ಎರಡೆರಡು ಸಲ ಕೇಳುತ್ತದೆ. ಅದಕ್ಕೆ ಒಂದು ಸಲಕ್ಕೆ ಒಂದೇ ಕಡೆ.

ಈಗ ಕೈಯಲ್ಲಿರುವುದು ದೇವಸ್ಥಾನದ ಮೋನೋ ಆಂಪ್ಲಿಫೈಯರ್. ಅದಕ್ಕೆ ಎಡ ಬಲ ಎರಡೂ ತಂತಿಗಳನ್ನು ನೇರ ಕೂಡಿಸಿ ಕೊಡಬೇಡಿ, ಡಾಟ್‌ನ ಎರಡು ಔಟ್‌ಪುಟ್‌ಗಳು ಒಂದನ್ನೊಂದು ನೂಕಾಡುತ್ತವೆ. ಪ್ರತಿ ತಂತಿಗೂ ಒಂದು ಕಿಲೋ ಓಮ್‌ನ ಒಂದೊಂದು ರೆಸಿಸ್ಟರ್ ಹಾಕಿ ಆಮೇಲೆ ಕೂಡಿಸಬೇಕು. ಎರಡು ರೆಸಿಸ್ಟರಿಗೆ ನಾಲ್ಕು ರೂಪಾಯಿಯೂ ಆಗುವುದಿಲ್ಲ.