ಒಂದೇ ಫೋನು, ಮೂರು ಸಲ ನಗು: ರೋಸ್ಟಿನಲ್ಲಿ ಕಾಲ್‌ಬ್ಯಾಕ್ ಕಟ್ಟಿದ ಅನುಭವ

"ಹೇಳಿದ ಜೋಕನ್ನ ಮತ್ತ ಹೇಳಿದ್ರ ಬೆಳಗಾವಿ ಮಂದಿ ಎದ್ದು ಹೋಗ್ತಾರ" ಅಂತ ನಮ್ಮ ತಂಡದಲ್ಲೇ ಅರ್ಧ ಜನ ಪಟ್ಟು ಹಿಡಿದಿದ್ದರು. ಆದರೆ ರೋಸ್ಟ್ ಅಂದರೆ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ತಮಾಷೆಗೆ ಬೈಯುವ ಕಾರ್ಯಕ್ರಮ, ಈ ಸಲದ ರೋಸ್ಟಿನಲ್ಲಿ ಎಲ್ಲಕ್ಕಿಂತ ದೊಡ್ಡ ನಗು ಬಂದದ್ದು ಮೂರನೇ ಸಲ ತಿರುಗಿ ಬಂದ ಜೋಕಿಗೇ. ಹೇಳಿದ ಜೋಕನ್ನು ಮುಂದೆ ತಿರುಗಿ ತರುವ ಈ ಕಾಲ್‌ಬ್ಯಾಕನ್ನು ಕಟ್ಟಿದ್ದು ಹೀಗೆ.

ನಾಲ್ವರು ರೋಸ್ಟರ್‌ಗಳು, ತಲಾ ಆರೇಳು ನಿಮಿಷ, ಕೊನೆಗೆ ಬೈಸಿಕೊಂಡವರ ಉತ್ತರ. ಕುರ್ಚಿಯಲ್ಲಿ ಕೂತವರು ಸಿಮೆಂಟ್ ಅಂಗಡಿಯ ಸಾಹುಕಾರರು. ಮುಂದೆ ತಿರುಗಿ ತರಲೆಂದೇ ಮೊದಲನೆಯವನು ನೆಟ್ಟ ಜೋಕು ಇದು: "ಸಾಹುಕಾರ್ರು ಖಾನಾವಳ್ಯಾಗ ಆರು ರೊಟ್ಟಿ ಉಂಡ್ರು, ಎಣ್ಣಿಗಾಯಿ ಎರಡು ಸಲ ಹಾಕಿಸ್ಕೊಂಡ್ರು. ಅಲ್ಲೀತನಕ ಯಾರದೂ ಫೋನಿಲ್ಲ. ಬಿಲ್ ಟೇಬಲ್ ಮ್ಯಾಲೆ ಬಿತ್ತು... ಬಂತು ನೋಡ್ರಿ ಫೋನು!"

ಕೊನೆಯ ಮೂರು ಪದಗಳೇ ಇಡೀ ಯಂತ್ರದ ಕೀಲಿ. "ಆಗ ಅವರಿಗೆ ಫೋನ್ ಬರ್ತೈತಿ" ಅಂದಿದ್ದರೆ ನಗಿಸುವ ಪದ ನಡುವೆ ಹೂತು ಹೋಗಿ, ಮಂದಿ ನಗಲು ಶುರು ಮಾಡುವಾಗ ಕ್ರಿಯಾಪದ ಅಡ್ಡ ಬರುತ್ತಿತ್ತು. ಅದಕ್ಕೇ "ಫೋನು" ತುದಿಗೆ. ತಿರುಗಿ ಬರುವಾಗಲೂ ಅದೇ ಮೂರು ಪದ, ಅದೇ ರಾಗ. ಒಂದಕ್ಷರ ಬದಲಾದರೂ ಗುರುತು ಹಿಡಿಯಲು ಅರ್ಧ ಸೆಕೆಂಡ್ ಹೋಗುತ್ತದೆ. ಆ ಅರ್ಧ ಸೆಕೆಂಡಿನಲ್ಲಿ ನಗು ಕರಗುತ್ತದೆ.

ಎರಡನೇ ರೋಸ್ಟರ್ ಈ ಜೋಕನ್ನು ಮುಟ್ಟಲೇ ಇಲ್ಲ. ಮರೆಯಲು ಬಿಡಬೇಕು, ಪೂರ್ತಿ ಮರೆಯಲು ಬಿಡಬಾರದು. ನಮ್ಮ ಸಭಿಕರಿಗೆ ಹತ್ತು ನಿಮಿಷದ ಆಜುಬಾಜು ಅಂತರ ಸರಿ ಹೊಂದುತ್ತದೆ. ಎರಡೇ ನಿಮಿಷಕ್ಕೆ ತಂದರೆ ಬರೀ ಪುನರಾವರ್ತನೆ. ಮೂರನೆಯವನು ಸಾಹುಕಾರರ ಮದುವೆಯ ಕತೆ ತೆಗೆದ: "ತಾಳಿ ಕಟ್ಟಿದ್ರು, ಅಕ್ಷತಾ ಬಿತ್ತು, ಎಲ್ಲಾ ಸುಸೂತ್ರ. ಭಟ್ಟರು ದಕ್ಷಿಣಾ ಕೇಳಿದ್ರು..." ಅಲ್ಲಿಗೆ ನಿಂತ. ಉಳಿದ ಮೂರು ಪದ ಹಿಂದಿನ ಸಾಲುಗಳಲ್ಲಿ ಕೂತ ಸಭಿಕರಿಂದಲೇ ಬಂದವು.

ಕಾಲ್‌ಬ್ಯಾಕಿಗೆ ನಗು ಯಾಕೆ ಹೆಚ್ಚು ಅನ್ನುವುದು ಇಲ್ಲೇ ಕಾಣುತ್ತದೆ. ಮೊದಲ ಸಲ ಸೆಟಪ್ಪಿಗೆ, ಅಂದರೆ ನಗುವಿಗೆ ಮುಂಚಿನ ಕತೆಗೆ, ಹದಿನಾರು ಪದ ಸುರಿಯಬೇಕಾಯಿತು. ಈಗ ಸೆಟಪ್ ಸಭಿಕರ ತಲೆಯಲ್ಲೇ ಇದೆ, ಜೋಡಿಸುವ ಕೆಲಸ ಅವರೇ ಮಾಡುತ್ತಾರೆ. ತಾವೇ ಜೋಡಿಸಿದ್ದಕ್ಕೆ ಮಂದಿ ಜೋರಾಗಿ ನಗುತ್ತಾರೆ. "ಆಗ ಹೇಳಿದ್ರಲ್ಲ, ನೆನಪೈತಿಲ್ಲೋ?" ಅಂತ ನೆನಪಿಸಿದರೆ ಆ ಕೆಲಸ ಕಿತ್ತುಕೊಂಡಂತೆ. ನಮ್ಮ ತಾಲೀಮಿನಲ್ಲಿ ಈ ವಾಕ್ಯಕ್ಕೆ ಐವತ್ತು ರೂಪಾಯಿ ದಂಡ.

ಮೂರನೆಯದಕ್ಕೆ ತಿರುವು ಬೇಕೇ ಬೇಕು. ಅದೇ ಮನುಷ್ಯ, ಅದೇ ಜಿಪುಣತನ ಆದರೆ ನಗು ಇಳಿಯುತ್ತದೆ. ನಾವು ತಿರುಗಿಸಿದ್ದು ಗುರಿಯನ್ನು. ಸಾಹುಕಾರರು ಉತ್ತರ ಕೊಡಲು ಎದ್ದು, ಮೊದಲನೆಯವನ ಕಡೆ ತಿರುಗಿ, "ನಿಮ್ಮ ಮನಿ ಸ್ಲ್ಯಾಬಿಗೆ ಒಯ್ದ ಅರವತ್ತು ಚೀಲದ ಬಾಕಿ..." ಅಂದರು. ಅವನ ಮುಂದಿದ್ದ ಫೋನು ನಿಜವಾಗಿಯೂ ರಿಂಗ್ ಆಯಿತು. ಯಾರೂ ಏನೂ ಹೇಳಬೇಕಾಗಲಿಲ್ಲ. ನಗು ನಿಲ್ಲಲು ಇಪ್ಪತ್ತು ಸೆಕೆಂಡಿನ ಮೇಲೇ ಹಿಡಿಯಿತು. ಬೆಳಗಾವಿಯಲ್ಲಿ ಯಾವ ರೋಸ್ಟಿನಲ್ಲೂ ನಾನು ಅಷ್ಟು ಉದ್ದದ ನಗು ಕೇಳಿಲ್ಲ.

ಆ ರಿಂಗಿಗೇ ಹೆಚ್ಚು ತಾಲೀಮು ಹೋಯಿತು. ಹಿಂದಿನಿಂದ ನಿಜವಾಗಿ ಕರೆ ಹಚ್ಚಿದರೆ ಒಮ್ಮೆ ಎರಡು ಸೆಕೆಂಡಿಗೆ ಬರುತ್ತದೆ, ಒಮ್ಮೆ ಎಂಟಕ್ಕೆ. ಹಾಲಿನೊಳಗೆ ನೆಟ್‌ವರ್ಕ್ ನಂಬುವಂತಿಲ್ಲ. ಬ್ಲೂಟೂತಿನಲ್ಲಿ ಸ್ಪೀಕರಿಗೆ ಹಾಕಿದರೆ ಸದ್ದು ತಡವಾಗುವುದಲ್ಲದೆ, ಫೋನಿನ ಬದಲು ಛಾವಣಿಯಿಂದ ಬಂದಂತೆ ಕೇಳುತ್ತದೆ. ಕೊನೆಗೆ ರಿಂಗ್‌ಟೋನನ್ನು ಆಡಿಯೋ ಫೈಲ್ ಮಾಡಿ, ಮೊದಲನೆಯವನ ಮುಂದೆ ಟೇಬಲ್ ಮೈಕ್ ಇಟ್ಟು, ಅವನ ಕೈಯಿಂದಲೇ ಒತ್ತಿಸಿದೆವು. ಮೈಕಿನ ಬಾಡಿಗೆ ಐದಾರು ನೂರು ಹೆಚ್ಚಾಯಿತು. ಸಭಿಕರಿಗೆ ಕಾಣದಂತೆ ಹೇಗೆ ಒತ್ತಿದ ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಮುಂದಿನ ಸಲಕ್ಕೂ ಬೇಕು.

ನೆಡುವ ಜೋಕು ಮೊದಲ ಐದು ನಿಮಿಷದಲ್ಲಿ ಬೇಡ. ನಮ್ಮ ಕಡೆ ಆಗಿನ್ನೂ ಕುರ್ಚಿ ಎಳೆಯುವ ಸದ್ದು ಇರುತ್ತದೆ, ತಡವಾಗಿ ಬಂದವರಿಗೆ ಕೊನೆಯ ನಗು ಒಗಟಾಗುತ್ತದೆ. ನೆಟ್ಟಾಗಲೇ ಚಲೋ ನಗು ಬರದಿದ್ದರೆ ಮುಂದಿನ ಎರಡನ್ನೂ ಅಲ್ಲೇ ಕಡಿಯಬೇಕು. ಅದಕ್ಕೆ ಮೂರನೆಯವನ ಬಳಿ ಬದಲಿ ಜೋಕು ಬರೆದಿಟ್ಟಿತ್ತು. ಮೊದಲನೆಯವನು ಕೂರುವಾಗ ನೀರಿನ ಬಾಟಲಿ ಎತ್ತಿದರೆ "ಕಡಿ" ಅಂತ ಸಂಜ್ಞೆ.

ಜತೆಗೆ ಇನ್ನೊಂದು ಪ್ರಯೋಗ ನಡೆಸಿದ್ದೆವು. ಬೆಳಗಾವಿಯ ಸಭೆಯಲ್ಲಿ ಮರಾಠಿ ಮನೆಮಾತಿನವರು ಮೂರನೇ ಒಂದು ಪಾಲಾದರೂ ಇರುತ್ತಾರೆ. ಕನ್ನಡದ ಗಾದೆಯೊಂದನ್ನು ನೆಟ್ಟಾಗ ತಿರುಗಿ ಬಂದ ನಗು ಒಂದೇ ಮಗ್ಗುಲಿಂದ ಬಂತು. ಫೋನಿನ ಸದ್ದಿಗೆ ಹಾಲ್ ಪೂರ್ತಿ ನಕ್ಕಿತು. ಆಮೇಲಿಂದ ಪದಕ್ಕಿಂತ ಸದ್ದು, ಕೈಸನ್ನೆ, ಕಣ್ಣಿಗೆ ಕಾಣುವ ವಸ್ತು ಇವನ್ನೇ ನೆಡುತ್ತಿದ್ದೇವೆ. ಬಾಗಲಕೋಟೆಯ ಕಾರ್ಯಕ್ರಮಕ್ಕೆ ಮಾತ್ರ ಗಾದೆಯನ್ನೇ ಇಟ್ಟುಕೊಂಡಿದ್ದೇವೆ, ಅಲ್ಲಿ ಅದು ನಡೆಯುತ್ತದೆ.