ಪ್ರಯೋಗ ಕೈಕೊಟ್ಟರೆ ವರದಿ ಬರೆಯುವುದು ಹೇಗೆ?

ಲೆಕ್ಕ ಹಾಕಿದ್ದು ಒಂದು, ಬಂದದ್ದು ಇನ್ನೊಂದು ಆದಾಗ ವಿದ್ಯಾರ್ಥಿಗಳ ವರದಿಯ ಕೊನೆಗೆ ತಪ್ಪದೆ ಬಂದು ಕೂರುವ ಸಾಲು ಇದು: ‘ಮಾನವ ದೋಷದಿಂದ ಫಲಿತಾಂಶದಲ್ಲಿ ವ್ಯತ್ಯಾಸ ಉಂಟಾಗಿದೆ.’ ಯಾವ ದೋಷ, ಎಷ್ಟು ವ್ಯತ್ಯಾಸ, ಯಾವ ಕಡೆಗೆ? ಒಂದಕ್ಕೂ ಉತ್ತರವಿಲ್ಲ. ಈ ಸಾಲನ್ನು ಮೊದಲು ಹೊಡೆದುಹಾಕಿ. ಆಮೇಲೆ ಕೆಲಸ ಶುರು.

ಉದಾಹರಣೆಗೆ ತಾಮ್ರದ ವಿದ್ಯುದ್ವಿಭಜನೆಯನ್ನೇ ತೆಗೆದುಕೊಳ್ಳೋಣ. ಆಮ್ಲ ಬೆರೆಸಿದ ಕಾಪರ್ ಸಲ್ಫೇಟ್ ದ್ರಾವಣದಲ್ಲಿ ಎರಡು ತಾಮ್ರದ ತಗಡು. 0.5 ಆಂಪಿಯರ್ ವಿದ್ಯುತ್ತನ್ನು 30 ನಿಮಿಷ ಹರಿಸಿದ್ದಾರೆ. ತಾಮ್ರ ಬಂದು ಕೂರುವ ತಗಡಿನ, ಅಂದರೆ ಕ್ಯಾಥೋಡಿನ ತೂಕ 0.22 ಗ್ರಾಂ ಹೆಚ್ಚಿದೆ.

ಹಂತ 1: ಬರಬೇಕಿದ್ದ ಸಂಖ್ಯೆ ಬರೆಯಿರಿ. 0.5 ಆಂಪಿಯರನ್ನು 1800 ಸೆಕೆಂಡಿನಿಂದ ಗುಣಿಸಿದರೆ 900 ಕೂಲಂಬ್. m = ItM/nF ಸೂತ್ರದಲ್ಲಿ It ಎಂದರೆ ಈ ಕೂಲಂಬ್, M ತಾಮ್ರದ ಒಂದು ಮೋಲಿನ ತೂಕ, n ಒಂದು ತಾಮ್ರದ ಅಯಾನು ಪಡೆಯುವ ಎಲೆಕ್ಟ್ರಾನುಗಳ ಸಂಖ್ಯೆ, F ಫ್ಯಾರಡೆ ಸ್ಥಿರಾಂಕ. ಅದರ ಪ್ರಕಾರ 0.296 ಗ್ರಾಂ ತಾಮ್ರ ಕೂರಬೇಕಿತ್ತು. ಇದು ಇಲ್ಲದೆ ‘ವಿಫಲವಾಯಿತು’ ಎಂಬ ಮಾತಿಗೆ ಅರ್ಥವೇ ಇಲ್ಲ. 1887ರಲ್ಲಿ ವಿಜ್ಞಾನಿಗಳಾದ ಮೈಕೆಲ್ಸನ್ ಮತ್ತು ಮಾರ್ಲಿ, ಬೆಳಕು ಸಾಗುವ ಮಾಧ್ಯಮವೆಂದು ಆಗ ನಂಬಿದ್ದ ಈಥರನ್ನು ಹುಡುಕಿ ಬರಿಗೈಯಾದಾಗಲೂ ಮಾಡಿದ್ದು ಇದನ್ನೇ. ಬೆಳಕಿನ ಪಟ್ಟಿಗಳು ಒಂದು ಪಟ್ಟಿಯ ಅಗಲದ 0.4ರಷ್ಟು ಸರಿಯಬೇಕಿತ್ತು, ಕಂಡದ್ದು ಅದರ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಎಂದು ಬರೆದರು.

ಹಂತ 2: ಕೊರತೆ ನಿಜವೇ ನೋಡಿ. ತಕ್ಕಡಿ 0.01 ಗ್ರಾಂವರೆಗೆ ತೋರಿಸುತ್ತದೆ ಎನ್ನಿ. ಎರಡು ಸಲ ತೂಗಿದ್ದರಿಂದ ಹೆಚ್ಚೆಂದರೆ 0.02 ಗ್ರಾಂ ಆಚೀಚೆ ಆಗಬಹುದು. ಇಲ್ಲಿ ಕೊರತೆ 0.076 ಗ್ರಾಂ. ತಕ್ಕಡಿಯ ಮೇಲೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. (ತೂಗುತ್ತಿರುವಾಗಲೇ ತಾನಾಗಿ ಆಫ್ ಆಗುವ ಅಗ್ಗದ ಜೇಬು ತಕ್ಕಡಿಯನ್ನಂತೂ ಈ ಕೆಲಸಕ್ಕೆ ಮುಟ್ಟಬೇಡಿ.)

ಹಂತ 3: ಕಲಿತದ್ದೇನು? ಎಲ್ಲರೂ ಎಡವುವುದು ಇಲ್ಲಿ. ‘ತಾಳ್ಮೆ ಕಲಿತೆ’, ‘ನಿಖರತೆಯ ಮಹತ್ವ ತಿಳಿಯಿತು’ ಎಂದೆಲ್ಲ ಬರೆಯುತ್ತಾರೆ. ಬೇಕಾದದ್ದು ನಿಮ್ಮ ಬಗ್ಗೆ ಅಲ್ಲ, ತಾಮ್ರದ ಬಗ್ಗೆ. ಸಂಶಯ ಬಂದ ಕಾರಣಗಳನ್ನು ಪಟ್ಟಿ ಮಾಡಿ, ಕೈಯಲ್ಲಿರುವ ಸಾಕ್ಷ್ಯದಿಂದ ಒಂದೊಂದನ್ನೇ ಹೊರಗೆ ಹಾಕಿ.

ವಿದ್ಯುತ್ತೇ ಕಡಿಮೆ ಹರಿದಿತ್ತೆ? ತಾಮ್ರ ಕರಗಿ ಹೋಗುವ ಇನ್ನೊಂದು ತಗಡನ್ನು, ಅಂದರೆ ಆನೋಡನ್ನು ಕೇಳಿ. ಅದು 0.30 ಗ್ರಾಂ ಕಳೆದುಕೊಂಡಿದ್ದರೆ ಹರಿದ ವಿದ್ಯುತ್ತು ಸರಿಯಾಗಿಯೇ ಇದೆ, ತಪ್ಪಿದ್ದು ಕ್ಯಾಥೋಡಿನ ಕಡೆ ಎಂದಾಯಿತು. ಆದರೆ ಆನೋಡು ಶುದ್ಧ ತಾಮ್ರದ್ದಾಗಿರಬೇಕು. ಕಲ್ಮಶವಿದ್ದರೆ ಅದು ಕೆಸರಾಗಿ ಉದುರಿ ನಷ್ಟವನ್ನು ಹೆಚ್ಚಿಸಿ ತೋರಿಸುತ್ತದೆ. ಆನೋಡನ್ನು ತೂಗದೆ ಬಿಡುವುದು ಹತ್ತು ನಿಮಿಷ ಉಳಿಸುವ ಅಡ್ಡದಾರಿ. ಅದನ್ನು ಹಿಡಿದವರಿಗೆ ಈ ಹಂತದಲ್ಲಿ ಬರೆಯಲು ಏನೂ ಇರುವುದಿಲ್ಲ.

ಈಗ ಕ್ಯಾಥೋಡನ್ನೇ ನೋಡಿ. ಮೇಲೆ ಹೊಳೆಯುವ ನಸುಗೆಂಪು ಪದರದ ಬದಲು ಕಡುಗೆಂಪು ಹುಡಿ, ಬೆರಳು ತಾಗಿಸಿದರೆ ಅಂಟಿಕೊಳ್ಳುತ್ತದೆ. ತೊಳೆಯುವಾಗ ನೀರಿನೊಂದಿಗೆ ಒಂದಷ್ಟು ಹೋಗಿದೆ, ಬೀಕರಿನ ತಳದಲ್ಲೂ ಬಿದ್ದಿದೆ. ಮುಳುಗಿದ ಭಾಗ 5 ಚದರ ಸೆಂ.ಮೀ. ಅಂದರೆ ಪ್ರತಿ ಚದರ ಸೆಂ.ಮೀ.ಗೆ 0.1 ಆಂಪಿಯರ್. ಕಲಕದೆ ಬಿಟ್ಟ ದ್ರಾವಣಕ್ಕೆ ಇದು ತೀರಾ ಹೆಚ್ಚು. ತಗಡಿನ ಹತ್ತಿರದ ತಾಮ್ರದ ಅಯಾನುಗಳು ಖರ್ಚಾಗುವಷ್ಟು ಬೇಗ ಹೊಸವು ಬಂದು ಸೇರುವುದಿಲ್ಲ. ಆಗ ತಾಮ್ರ ಗಟ್ಟಿಯಾಗಿ ಕೂರದೆ ಹುಡಿಯಾಗುತ್ತದೆ. ಮಿಕ್ಕ ವಿದ್ಯುತ್ತು ಆಮ್ಲದಿಂದ ಹೈಡ್ರೋಜನ್ ಗುಳ್ಳೆ ಎಬ್ಬಿಸುವುದಕ್ಕೆ ಹೋಗಬಹುದು.

ಹಾಗಾದರೆ ಬರೆಯಬೇಕಾದ ವಾಕ್ಯ ಇಷ್ಟು: ‘ಆನೋಡಿನ ನಷ್ಟ ಲೆಕ್ಕಕ್ಕೆ ಹೊಂದುವುದರಿಂದ ವಿದ್ಯುತ್ತಿನ ಅಳತೆ ಸರಿಯಿದೆ. ಕ್ಯಾಥೋಡಿನಲ್ಲಿ 0.076 ಗ್ರಾಂ ಕೊರತೆಯಿದೆ. ಪದರ ಹುಡಿಯಾಗಿ ಉದುರಿದ್ದು ಕಂಡಿದೆ. ಹೈಡ್ರೋಜನ್ ಎಷ್ಟು ವಿದ್ಯುತ್ತು ತಿಂದಿತು ಎಂಬುದನ್ನು ಅಳೆದಿಲ್ಲ.’ ಕೊನೆಯ ತುಣುಕನ್ನು ದಯವಿಟ್ಟು ಬಿಡಬೇಡಿ. ಮುಂದಿನ ಪ್ರಶ್ನೆ ಹುಟ್ಟುವುದೇ ಅದರಿಂದ.

ಹಂತ 4: ಮುಂದಿನ ಪ್ರಶ್ನೆ. ‘ಇನ್ನಷ್ಟು ಎಚ್ಚರಿಕೆಯಿಂದ ಮಾಡಿದರೆ ಸರಿಯಾದೀತೆ?’ ಎಂಬುದು ಪ್ರಶ್ನೆಯಲ್ಲ, ಹಾರೈಕೆ. ಇಲ್ಲಿಯ ಪ್ರಶ್ನೆ: ಕಾಣೆಯಾದ 0.076 ಗ್ರಾಂನಲ್ಲಿ ಕೂತು ಉದುರಿದ್ದೆಷ್ಟು, ಕೂರದೇ ಹೋದದ್ದೆಷ್ಟು? ತೊಳೆದ ನೀರನ್ನೂ ತಳದ ಹುಡಿಯನ್ನೂ ಸೋಸಿ, ತೊಳೆದು, ಬಿಸಿ ತಾಗಿಸದೆ ಒಣಗಿಸಿ ತೂಗಿದರೆ ಉತ್ತರ ಸಿಗುತ್ತದೆ. ಹುಡಿ ಮತ್ತು ತಗಡಿನ ಲಾಭ ಸೇರಿ 0.296ಕ್ಕೆ ಬಂದರೆ ಎಲ್ಲವೂ ಉದುರಿದ್ದೇ. ಬರದಿದ್ದರೆ ಹೈಡ್ರೋಜನ್ ಮೇಲಿನ ಅನುಮಾನ ಬಲವಾಗುತ್ತದೆ.

ಜೊತೆಗೆ 0.1 ಆಂಪಿಯರನ್ನು 9000 ಸೆಕೆಂಡ್, ಅಂದರೆ ಎರಡೂವರೆ ಗಂಟೆ ಹರಿಸಿ. ಅದೇ 900 ಕೂಲಂಬ್, ಅದೇ ತಗಡು, ವೇಗ ಮಾತ್ರ ಐದರಲ್ಲಿ ಒಂದು. ಒಂದೇ ಸಂಗತಿ ಬದಲಾಗುವುದರಿಂದ, ಕೊರತೆ ಮುಚ್ಚಿಹೋದರೆ ತಪ್ಪಿತಸ್ಥ ಯಾರೆಂದು ಹೇಳಬಹುದು. ಕಾಲ ಕಳೆದಂತೆ ಆಂಪಿಯರ್ ಇಳಿಯುವ ಎಲಿಮಿನೇಟರ್ ಬೇಡ. ಸ್ಥಿರ ವಿದ್ಯುತ್ತು ಕೊಡುವ ಸಪ್ಲೈ ಇರಲಿ. ಇಲ್ಲದಿದ್ದರೆ ಐದೈದು ನಿಮಿಷಕ್ಕೊಮ್ಮೆ ಅಮ್ಮೀಟರ್ ಓದಿ ಬರೆದುಕೊಳ್ಳಿ.

ಹಂತ 5: ಇಷ್ಟನ್ನೂ ಅರ್ಧ ಪುಟದಲ್ಲಿ ಮುಗಿಸಿ. ಕೋಷ್ಟಕ ಅನುಬಂಧಕ್ಕೆ ಹೋಗಲಿ.