ಉದ್ಯಮದ ಹೆಸರು ಬೇರೆಯವರ ಟ್ರೇಡ್‌ಮಾರ್ಕ್ ಆಗಿದೆಯೇ ಎಂದು ನಾನು ಹುಡುಕಿದ ಬಗೆ

ಸಿರಿಧಾನ್ಯದ ಹಿಟ್ಟು ಮತ್ತು ಕುರುಕಲು ತಿಂಡಿಗಳನ್ನು ಮಾರುವ ನಮ್ಮ ಉದ್ಯಮಕ್ಕೆ ‘ಸಿರಿತೆನೆ’ ಎಂಬ ಹೆಸರು ಪಾಲುದಾರರೆಲ್ಲರಿಗೂ ಹಿಡಿಸಿತ್ತು. ಲೋಗೊ ಮತ್ತು ಪೊಟ್ಟಣಗಳಿಗೆ ಹಣ ಹಾಕುವ ಮೊದಲು ಅದು ನಮಗೆ ದಕ್ಕುತ್ತದೆಯೇ ಎಂದು ನೋಡುವ ಕೆಲಸವನ್ನು ನಾನು ವಹಿಸಿಕೊಂಡೆ. ಕಂಪನಿ ನೋಂದಣಿಯಲ್ಲಿ ಹೆಸರು ಸಿಕ್ಕರೆ ಸಾಕಲ್ಲವೇ ಎಂದು ಒಬ್ಬ ಪಾಲುದಾರರು ಕೇಳಿದರು. ಸಾಲದು. 2013ರ ಕಂಪನಿ ಕಾಯ್ದೆಯ 16ನೇ ಕಲಮಿನ ಪ್ರಕಾರ, ನೋಂದಾಯಿತ ಟ್ರೇಡ್‌ಮಾರ್ಕಿನ ಒಡೆಯರು, ಕಂಪನಿ ಆ ಹೆಸರು ಪಡೆದ ಮೂರು ವರ್ಷಗಳೊಳಗೆ ಅರ್ಜಿ ಹಾಕಿ, ತಮ್ಮ ಗುರುತಿಗೆ ತೀರ ಹತ್ತಿರವಾದ ಕಂಪನಿ ಹೆಸರನ್ನು ಬದಲಾಯಿಸುವಂತೆ ಕೋರಬಹುದು.

ಭಾರತದ ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಸಾರ್ವಜನಿಕ ಹುಡುಕಾಟ ಉಚಿತವಾಗಿದೆ. ಆದರೆ ಅದು ಒಮ್ಮೆಗೆ ಒಂದು ವರ್ಗದಲ್ಲಿ ಮಾತ್ರ ಹುಡುಕುತ್ತದೆ. ಸರಕು ಮತ್ತು ಸೇವೆಗಳ 45 ವರ್ಗಗಳ ಪೈಕಿ ನಮಗೆ ಸಂಬಂಧಿಸಿದವು ಮೂರು: ಹಿಟ್ಟು ಮತ್ತು ಧಾನ್ಯದ ತಿಂಡಿಗಳಿಗೆ 30, ಸಂಸ್ಕರಿಸದ ಕಾಳುಗಳಿಗೆ 31, ಅಂಗಡಿ ಹಾಗೂ ಆನ್‌ಲೈನ್ ಮಾರಾಟದ ಸೇವೆಗೆ 35. ಹೆಸರನ್ನು ಇದ್ದಂತೆಯೇ ಬರೆದು ಹುಡುಕಿ, ಏನೂ ಸಿಗಲಿಲ್ಲವೆಂದು ನಿರಾಳವಾಗುವುದರಲ್ಲಿ ಅರ್ಥವಿಲ್ಲ. ಕಾನೂನು ಕೇಳುವುದು ಅಕ್ಷರಶಃ ಅದೇ ಹೆಸರು ಇದೆಯೇ ಎಂದಲ್ಲ, ಅರೆಬರೆ ನೆನಪಿನ ಸಾಮಾನ್ಯ ಗಿರಾಕಿ ಗೊಂದಲಕ್ಕೆ ಬೀಳುವನೇ ಎಂದು. ‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಎಂಬ ಔಷಧದ ಹೆಸರುಗಳು ಒಟ್ಟಾರೆ ಉಚ್ಚಾರಣೆ ಮತ್ತು ರಚನೆಯಲ್ಲಿ ಗೊಂದಲ ಹುಟ್ಟಿಸುವಷ್ಟು ಹತ್ತಿರವಾಗಿವೆ ಎಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲಿಯೇ ಹೇಳಿತ್ತು.

ಆದ್ದರಿಂದ Wordmark ಹುಡುಕಾಟದಲ್ಲಿ Contains ಆಯ್ದು ಹೆಸರನ್ನು ತುಂಡುಗಳಾಗಿ ಕೊಟ್ಟೆ. ಕನ್ನಡದ ಹೆಸರನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುವುದರಿಂದ, ನಾನು ಹಾಕಿದ ಪದಗಳು ಹೀಗಿದ್ದವು:

```
SIRITENE
SIRITHENE
SIRI
THENE
TENE
```

ಬಳಿಕ ಉಚ್ಚಾರಣೆಯ ಹೋಲಿಕೆಯನ್ನು ನೋಡುವ Phonetic ಹುಡುಕಾಟವನ್ನೂ ಮಾಡಿದೆ. ಅದು ಕನ್ನಡದ ಕಿವಿಗೆ ತಕ್ಕಂತೆ ಕೆಲಸ ಮಾಡುತ್ತದೆಂದು ನಂಬುವಂತಿಲ್ಲ. ಸಂಬಂಧವಿಲ್ಲದ ಹೆಸರುಗಳನ್ನೂ ರಾಶಿ ಹಾಕುತ್ತದೆ. ‘ಸಿರಿ’ಯಿಂದ ಶುರುವಾಗುವ ಗುರುತುಗಳು ಹಲವು ಇದ್ದವು. ಸಿರಿಧಾನ್ಯದ ವ್ಯಾಪಾರದಲ್ಲಿ ಆ ಭಾಗ ಬಹುಮಟ್ಟಿಗೆ ಸರಕಿನ ವರ್ಣನೆಯೇ ಆದ್ದರಿಂದ ಅದರ ಮೇಲೆ ಒಬ್ಬರೇ ಹಕ್ಕು ಸಾಧಿಸುವುದು ಕಷ್ಟ. ಹಾಗೆಂದರೆ ನಮ್ಮ ಹೆಸರಿನ ಭಾರವೆಲ್ಲ ‘ತೆನೆ’ಯ ಮೇಲೆ ಬೀಳುತ್ತಿತ್ತು, ತೊಡಕು ಕಾಣಿಸಿದ್ದೂ ಅಲ್ಲಿಯೇ.

30ನೇ ವರ್ಗದಲ್ಲಿ, ನಮ್ಮ ಹೆಸರಿಗಿಂತ ಒಂದೇ ಅಕ್ಷರ ಬೇರೆಯಾಗಿದ್ದ ಅರ್ಜಿಯೊಂದು ಸಿಕ್ಕಿತು. ಅದರ ಸ್ಥಿತಿ Objected ಎಂದಿತ್ತು. ಆಕ್ಷೇಪಣೆ ಬಂದಿದೆಯಲ್ಲ, ಇನ್ನು ಹೆದರಬೇಕಿಲ್ಲ ಎಂದು ಒಬ್ಬ ಪಾಲುದಾರರು ಖುಷಿಪಟ್ಟರು. ಆದರೆ Objected ಎಂದರೆ ಪರೀಕ್ಷಕರು ಪ್ರಶ್ನೆ ಎತ್ತಿದ್ದಾರೆ ಎಂದಷ್ಟೇ. ಅರ್ಜಿದಾರರ ಉತ್ತರ ಒಪ್ಪಿಗೆಯಾದರೆ ಅರ್ಜಿ ಮುಂದೆ ಸಾಗುತ್ತದೆ. ಇಂಥ ಅರ್ಜಿಯನ್ನು ತೆರೆದಾಗ ನಾನು ಮೊದಲು ನೋಡುವುದು ಮೂರು ಸಂಗತಿ: ಸರಕಿನ ವಿವರ, ಎಂದಿನಿಂದ ಬಳಕೆಯಲ್ಲಿದೆ ಎಂಬ ದಿನಾಂಕ, ಲಗತ್ತಿಸಿದ ಕಾಗದಪತ್ರಗಳು. ಪರೀಕ್ಷಾ ವರದಿಯೂ ಅದಕ್ಕೆ ಕೊಟ್ಟ ಉತ್ತರವೂ ಅಲ್ಲಿ ಓದಲು ಸಿಗುತ್ತವೆ. ಪರೀಕ್ಷಕರು ಯಾವ ಹಳೆಯ ಗುರುತುಗಳನ್ನು ಅಡ್ಡಿಯೆಂದು ಎತ್ತಿ ತೋರಿಸಿದ್ದಾರೆ ಎಂಬುದು ಆ ವರದಿಯಲ್ಲಿರುವುದರಿಂದ, ಬೇರೆಯವರ ಅರ್ಜಿಯೇ ನಮಗೆ ಮುಂದಿನ ಹುಡುಕಾಟದ ದಾರಿ ತೋರುತ್ತದೆ. ಈ ಅರ್ಜಿದಾರರು ಹಿಟ್ಟು ಮತ್ತು ತಿಂಡಿಯನ್ನೇ ನಮೂದಿಸಿದ್ದರು, ಬಳಕೆಯ ದಿನಾಂಕವೂ ನಮ್ಮ ಉದ್ಯಮಕ್ಕಿಂತ ಹಿಂದಿನದು.

ವರ್ಗ ಒಂದೇ ಆದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ. ಕರ್ನಾಟಕ ಹಾಲು ಮಹಾಮಂಡಳದ ‘ನಂದಿನಿ’ 1985ರಿಂದ ಬಳಕೆಯಲ್ಲಿತ್ತು. 1989ರಲ್ಲಿ ಹೋಟೆಲ್ ಆರಂಭಿಸಿದ ನಂದಿನಿ ಡಿಲಕ್ಸ್ ಆಹಾರ ಪದಾರ್ಥಗಳಿಗೆ ಅದೇ ಹೆಸರನ್ನು ಕೋರಿದಾಗ ಮಹಾಮಂಡಳ ವಿರೋಧಿಸಿತು. ಸರಕುಗಳು ಬೇರೆ, ಚಿತ್ರ ಬೇರೆ ಎಂಬ ಕಾರಣಗಳಿಂದ ಸುಪ್ರೀಂ ಕೋರ್ಟ್ 2018ರಲ್ಲಿ, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರಗಿಟ್ಟು, ಹೋಟೆಲಿನವರ ಪರವಾಗಿ ತೀರ್ಪು ನೀಡಿತು. ಪಾಲುದಾರರು ಈ ತೀರ್ಪನ್ನೇ ಮುಂದಿಟ್ಟುಕೊಂಡು ವಾದಿಸಿದರು. ನಮ್ಮ ಸ್ಥಿತಿ ಅದಕ್ಕೆ ಹೊಂದುತ್ತಿರಲಿಲ್ಲ, ಏಕೆಂದರೆ ಇಬ್ಬರ ಪೊಟ್ಟಣವೂ ಕಿರಾಣಿ ಅಂಗಡಿಯ ಒಂದೇ ಸಾಲಿನಲ್ಲಿ ಕೂರುವಂಥದ್ದು. ಮೇಲಾಗಿ ಅಂಥ ತೀರ್ಪು ಪಡೆಯಲು ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿ ನಮಗೆಲ್ಲಿಯದು?

ನೋಂದಣಿ ಪುಸ್ತಕದ ಹೊರಗೂ ಹುಡುಕಿದೆ. ನೋಂದಾಯಿಸದಿದ್ದರೂ ಮೊದಲಿನಿಂದ ಬಳಸುತ್ತಿರುವವರ ಹಕ್ಕನ್ನು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಕಲಮು ಕಾಯುತ್ತದೆ. ಆದ್ದರಿಂದ ಆನ್‌ಲೈನ್ ಮಳಿಗೆಗಳು, ಇನ್‌ಸ್ಟಾಗ್ರಾಂ, ಆ್ಯಪ್ ಅಂಗಡಿ, ಜೊತೆಗೆ ಊರಿನ ಸಿರಿಧಾನ್ಯ ಮೇಳಗಳ ಮಳಿಗೆಗಳನ್ನೂ ನೋಡಬೇಕಾಯಿತು. Abandoned ಎಂದು ಕಂಡ ಹೆಸರುಗಳನ್ನೂ ಇದೇ ಕಾರಣಕ್ಕೆ ಬಿಡಲಿಲ್ಲ. ಅರ್ಜಿಯನ್ನು ಕೈಬಿಟ್ಟವರು ವ್ಯಾಪಾರವನ್ನೂ ಕೈಬಿಟ್ಟಿರುತ್ತಾರೆಂದು ಹೇಳಲಾಗದು.

ಕೊನೆಗೆ ‘ಸಿರಿತೆನೆ’ಯನ್ನು ಬಿಟ್ಟು, ಧಾನ್ಯಕ್ಕೂ ಬೆಳೆಗೂ ಸಂಬಂಧವಿಲ್ಲದ ಹೆಸರೊಂದನ್ನು ಆಯ್ದು, ಇದೇ ಹುಡುಕಾಟವನ್ನು ಮೊದಲಿನಿಂದ ಮಾಡಿದೆ. ಫಲಿತಾಂಶದ ಪುಟಗಳನ್ನು ದಿನಾಂಕ ಸಹಿತ ಉಳಿಸಿಕೊಂಡು ವಕೀಲರಿಗೆ ತೋರಿಸಿದ ಮೇಲೆಯೇ ಅರ್ಜಿ ಸಲ್ಲಿಸಿದೆವು. ವಿದೇಶದಲ್ಲಿ ಮೊದಲು ಅರ್ಜಿ ಹಾಕಿದವರು ಆರು ತಿಂಗಳೊಳಗೆ ಇಲ್ಲಿಯೂ ಹಾಕಿ ಆ ಹಿಂದಿನ ದಿನಾಂಕವನ್ನೇ ಕೋರಬಹುದಾದ್ದರಿಂದ, ಅರ್ಜಿ ಸಲ್ಲಿಸಿದ ಆರು ತಿಂಗಳ ನಂತರ ಇನ್ನೊಮ್ಮೆ ಹುಡುಕಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.